ಕಂಪನಿಯಿಂದ ಬಿಲ್ ದುಡ್ಡು ಬಂದಿಲ್ಲವೇ? ನೆನಪಿನ ಪತ್ರ ಬರೆಯುವ ಬಗೆ

ಬೆಂಗಳೂರಿನ ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಟರ್ನಿಂಗ್ ಶೆಡ್ ಇದೆ. ಎರಡು ಸಿಎನ್‌ಸಿ ಲೇತ್, ಒಂದು ಡ್ರಿಲ್ಲಿಂಗ್ ಮಷೀನು, ಐದು ಜನ. ಬುಷ್, ಪಿನ್, ಸ್ಪೇಸರ್ ಮಾಡಿ ಕಂಪನಿಗಳಿಗೆ ಕೊಡುತ್ತೇವೆ. ಮಷೀನು ನನ್ನ ಯಜಮಾನರು ನೋಡಿಕೊಳ್ಳುತ್ತಾರೆ, ಬಿಲ್ಲು ಮತ್ತು ವಸೂಲಿ ನನ್ನ ಕೆಲಸ.

ಶುರುವಿನಲ್ಲಿ ನಾನು ಬರೆಯುತ್ತಿದ್ದ ಮೇಲ್ ಹೀಗಿರುತ್ತಿತ್ತು: "ಸರ್, ನಮ್ಮ ಬಾಕಿ ತುಂಬಾ ದಿನದಿಂದ ಬಂದಿಲ್ಲ. ಹುಡುಗರಿಗೆ ಸಂಬಳ ಕೊಡಬೇಕು. ದಯವಿಟ್ಟು ಆದಷ್ಟು ಬೇಗ ಕಳಿಸಿ." ಇದಕ್ಕೆ ಉತ್ತರವೇ ಬರುತ್ತಿರಲಿಲ್ಲ. ಒಂದು ದಿನ ಒಂದು ಕಂಪನಿಯ ಅಕೌಂಟ್ಸ್ ಸೆಕ್ಷನ್‌ಗೆ ನಾನೇ ಹೋದೆ. ಅಲ್ಲಿದ್ದ ಹುಡುಗ ನನ್ನ ಮೇಲ್ ತೆಗೆದು ಸ್ಕ್ರೀನ್ ನನ್ನ ಕಡೆ ತಿರುಗಿಸಿದ. "ಮೇಡಂ, ಇದರಲ್ಲಿ ಯಾವ ಬಿಲ್ಲು ಅಂತಾನೇ ಇಲ್ಲ. ಪಿಒ ನಂಬರೂ ಇಲ್ಲ. ನಾನು ಏನಂತ ಹುಡುಕಲಿ?" ಅವನು ಸುಳ್ಳು ಹೇಳುತ್ತಿರಲಿಲ್ಲ.

ಅವತ್ತಿನಿಂದ ನಾನು ಪತ್ರ ಬರೆಯುವ ರೀತಿ ಬದಲಾಯಿತು. ಆ ಕುರ್ಚಿಯಲ್ಲಿ ಕೂತವರು ನಮ್ಮ ಪತ್ರ ಓದಿ, ಬೇರೆ ಯಾರನ್ನೂ ಏನೂ ಕೇಳದೆ, ಬಿಲ್ಲನ್ನು ಪೇಮೆಂಟ್ ಪಟ್ಟಿಗೆ ಸೇರಿಸುವಂತಿರಬೇಕು. ಗಟ್ಟಿತನ ಬರುವುದು ಜೋರು ಮಾತಿನಿಂದಲ್ಲ, ಅವರು ಕೇಳಬಹುದಾದ ಪ್ರಶ್ನೆಗೆಲ್ಲ ಪತ್ರದಲ್ಲೇ ಉತ್ತರ ಇರುವುದರಿಂದ. ಈಚೆಗೆ ನಾನೇ ವಸೂಲಿ ಮಾಡಿದ ಮೂರು ಬಿಲ್ಲುಗಳನ್ನು ಇಟ್ಟುಕೊಂಡು ಇದನ್ನು ಹೇಳುತ್ತೇನೆ. ಕಂಪನಿಯ ಹೆಸರು ಬೇಡ. ನಂಬರು, ಮೊತ್ತಗಳನ್ನು ಲೆಕ್ಕ ಸುಲಭವಾಗುವ ಹಾಗೆ ಬದಲಾಯಿಸಿದ್ದೇನೆ.

ಮೊದಲು ಬಿಲ್ಲು ಎಲ್ಲಿ ನಿಂತಿದೆ ಅಂತ ತಿಳಿದುಕೊಳ್ಳಿ

ಸ್ವಲ್ಪ ದೊಡ್ಡ ಕಂಪನಿಯಾದರೆ ಅಲ್ಲಿ ಬಿಲ್ ಪಾಸಾಗಲು ಮೂರು ಕಾಗದ ತಾಳೆಯಾಗಬೇಕು. ಒಂದು ಅವರು ಕೊಟ್ಟ ಪರ್ಚೇಸ್ ಆರ್ಡರ್, ಅಂದರೆ ಪಿಒ. ಇನ್ನೊಂದು ಅವರ ಸ್ಟೋರ್ಸ್‌ನವರು ಮಾಲು ಎಣಿಸಿ, ಇನ್‌ಸ್ಪೆಕ್ಷನ್ ಮುಗಿಸಿ ಹಾಕುವ ಜಿಆರ್‌ಎನ್. ಮೂರನೆಯದು ನಮ್ಮ ಬಿಲ್ಲು. ಮೂರರಲ್ಲೂ ಐಟಂ, ಸಂಖ್ಯೆ, ರೇಟು ಒಂದೇ ಇರಬೇಕು. ಒಂದು ಕಡೆ ನಾಲ್ಕು ಪೀಸು ಆಚೀಚೆಯಾದರೂ ಅವರ ಕಂಪ್ಯೂಟರ್ ಬಿಲ್ಲನ್ನು ತಡೆದುಬಿಡುತ್ತದೆ. ತಡೆದಿದೆ ಅಂತ ನಮಗೆ ಯಾರೂ ಫೋನ್ ಮಾಡಿ ಹೇಳುವುದಿಲ್ಲ.

ಹಾಗಾಗಿ ಪತ್ರಕ್ಕೆ ಮೊದಲು ಒಂದು ಫೋನ್ ಮಾಡಿ. ದುಡ್ಡು ಕೇಳುವುದಕ್ಕಲ್ಲ, ಬಿಲ್ಲಿನ ಸ್ಥಿತಿ ಕೇಳುವುದಕ್ಕೆ. ನಾನು ಕೇಳುವುದು ಇಷ್ಟೇ: "ಸರ್, ಬಿಲ್ 118, 127, 139 ನಿಮ್ಮಲ್ಲಿ ಬುಕ್ ಆಗಿದ್ಯಾ? ಯಾವುದಾದ್ರೂ ಹೋಲ್ಡ್‌ನಲ್ಲಿ ಇದ್ಯಾ? ನಿಮ್ಮ ಪೇಮೆಂಟ್ ಯಾವ ವಾರ ಹೊರಡುತ್ತೆ?" ಬಾಕಿ ಕೇಳಿದಾಗ ಬಿಗಿಯಾಗುವ ದನಿ ಇಂಥ ಪ್ರಶ್ನೆಗೆ ಬಿಗಿಯಾಗುವುದಿಲ್ಲ. ನೋಡಿ ಹೇಳುತ್ತಾರೆ.

ನಮ್ಮ ಮೂರು ಬಿಲ್ಲಿಗೂ ಮೂರು ಬೇರೆ ಕಥೆ ಇತ್ತು. 118 ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಮಾಲು ಸ್ಟೋರ್ಸ್‌ಗೆ ಸೇರಿತ್ತು, ಮಾಲಿನ ಜೊತೆ ಕಳಿಸಿದ ನಮ್ಮ ಡೆಲಿವರಿ ಚಲನ್, ಅಂದರೆ ಡಿಸಿ ಮೇಲೆ ಇನ್‌ವಾರ್ಡ್ ಸೀಲು ಬಿದ್ದಿತ್ತು, ಆದರೆ ಜಿಆರ್‌ಎನ್ ಹಾಕಿರಲಿಲ್ಲ. 127ರಲ್ಲಿ ನಾವು 200 ಬುಷ್ ಬಿಲ್ ಮಾಡಿದ್ದೆವು. ಅವರು 196 ಮಾತ್ರ ಒಪ್ಪಿದ್ದರು, ನಾಲ್ಕರ ಬೋರು ಓವರ್‌ಸೈಜ್ ಆಗಿತ್ತು. ಆ ನಾಲ್ಕು ಪೀಸು ವಾಪಸ್ ಬಂದು ನಮ್ಮ ಶೆಡ್‌ನಲ್ಲೇ ಬಿದ್ದಿದ್ದವು, ಆದರೆ ಅವುಗಳ ಮೊತ್ತವನ್ನು ಬಿಲ್ಲಿನಿಂದ ಕಳೆಯುವ ಕ್ರೆಡಿಟ್ ನೋಟ್ ನಾನು ಕೊಟ್ಟಿರಲಿಲ್ಲ. 139ರಲ್ಲಿ ಎಲ್ಲವೂ ಸರಿಯಿತ್ತು, ಯಾರದೋ ಸಹಿಗೆ ಕಾದಿತ್ತು.

ಈ ಮೂರಕ್ಕೂ ಸೇರಿಸಿ "ಬೇಗ ಕಳಿಸಿ" ಅಂತ ಬರೆದಿದ್ದರೆ ಒಂದೂ ಮುಂದಕ್ಕೆ ಹೋಗುತ್ತಿರಲಿಲ್ಲ, ಅಲ್ವಾ? 118ಕ್ಕೆ ಸೀಲು ಬಿದ್ದ ಡಿಸಿಯ ಪ್ರತಿ ಬೇಕಿತ್ತು. 127ಕ್ಕೆ ಕ್ರೆಡಿಟ್ ನೋಟ್ ಬೇಕಿತ್ತು. 139ಕ್ಕೆ ಮಾತ್ರ ನಿಜವಾದ ನೆನಪಿನ ಪತ್ರ ಬೇಕಿತ್ತು.

ಲೆಕ್ಕವನ್ನು ಸರಿಮಾಡಿಕೊಳ್ಳಿ

ನಾಲ್ಕು ಬುಷ್‌ಗೆ ತಲಾ 200 ರೂಪಾಯಿಯಂತೆ 800, ಅದರ ಮೇಲೆ ಶೇ. 18 ಜಿಎಸ್‌ಟಿ 144, ಒಟ್ಟು 944 ರೂಪಾಯಿ. ಅಷ್ಟಕ್ಕೆ ಅದೇ ದಿನ ಕ್ರೆಡಿಟ್ ನೋಟ್ ಮಾಡಿದೆ. 944 ರೂಪಾಯಿಗಾಗಿ 47,200ರ ಬಿಲ್ಲು ಇಪ್ಪತ್ತೈದು ದಿನ ನಿಂತಿತ್ತು. ನಮ್ಮ ಕಡೆಯ ತಪ್ಪು ಇದ್ದರೆ ಪತ್ರ ಬರೆಯುವ ಮೊದಲೇ ಸರಿಮಾಡಿ, ಸರಿಮಾಡಿದ್ದೇವೆ ಅಂತ ಪತ್ರದಲ್ಲಿ ಹೇಳಬೇಕು. ಇಲ್ಲದಿದ್ದರೆ ಅವರ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ, ಉಳಿದ ಎರಡು ಬಿಲ್ಲೂ ಅದರ ಜೊತೆ ನಿಲ್ಲುತ್ತವೆ.

ಆಮೇಲೆ ಗಡುವಿನ ಲೆಕ್ಕ. ನಮ್ಮ ಪಿಒದಲ್ಲಿ "ಮಾಲು ಸೇರಿದ 30 ದಿನಕ್ಕೆ" ಅಂತ ಇತ್ತು. ಅಂದರೆ ಎಣಿಕೆ ಬಿಲ್ ತಾರೀಖಿನಿಂದ ಅಲ್ಲ, ಮಾಲು ಅವರ ಗೇಟಿಗೆ ಸೇರಿದ ದಿನದಿಂದ. ಇದನ್ನು ಎಷ್ಟೋ ಜನ ಬಿಲ್ ತಾರೀಖಿನಿಂದ ಎಣಿಸಿ ಬರೆಯುತ್ತಾರೆ. ಒಂದೆರಡು ದಿನದ ವ್ಯತ್ಯಾಸವೇ ಆದರೂ, ಒಂದು ಅಂಕಿ ತಪ್ಪಿದ್ದರೆ ಇಡೀ ಪತ್ರದ ಮೇಲೆ ನಂಬಿಕೆ ಹೋಗುತ್ತದೆ. ಸೀಲಿನ ಮೇಲಿನ ತಾರೀಖು ನೋಡಿಯೇ ಎಣಿಸಿ.

ಇನ್ನೊಂದು, ಅವರು ಟಿಡಿಎಸ್ ಹಿಡಿಯುವವರಾದರೆ ಕೈಗೆ ಬರುವ ಮೊತ್ತ ಬಿಲ್ಲಿಗಿಂತ ಕಡಿಮೆ ಇರುತ್ತದೆ. ಹಳೇ ಬಿಲ್ಲಿಗೆ ಬಂದ ದುಡ್ಡನ್ನು ಸರಿಯಾಗಿ ಹೊಂದಿಸದೆ, ಟಿಡಿಎಸ್ ಹಿಡಿದ ಮೊತ್ತವನ್ನೂ ಬಾಕಿ ಅಂತ ತೋರಿಸಿದರೆ ಅವರ ಲೆಜರ್‌ಗೂ ನಮ್ಮದಕ್ಕೂ ತಾಳೆಯಾಗುವುದಿಲ್ಲ.

ಮೊದಲ ಪತ್ರ

ಇದು ಆಗಸ್ಟ್ 12ರಂದು ನಾನು ಕಳಿಸಿದ್ದರ ಸಾರ. ಅಕೌಂಟ್ಸ್‌ನವರು ಕನ್ನಡ ಓದದಿದ್ದರೆ ಇದೇ ಕ್ರಮದಲ್ಲಿ ಇಂಗ್ಲಿಷ್‌ನಲ್ಲಿ ಬರೆಯಿರಿ. ಕ್ರಮವೇ ಮುಖ್ಯ.

ವಿಷಯ: ಬಿಲ್ 118, 127, 139 – ಪಿಒ 4410 – ಬಾಕಿ ರೂ. 1,99,656 – ಪಾವತಿಯ ತಾರೀಖು ತಿಳಿಸಲು ಕೋರಿಕೆ

ಮಾನ್ಯರೇ,

ನಿಮ್ಮ ಪಿಒ 4410ರ ಪ್ರಕಾರ ಸರಬರಾಜು ಮಾಡಿದ ಮಾಲಿನ ಕೆಳಗಿನ ಮೂರು ಬಿಲ್ಲುಗಳ ಗಡುವು ಮುಗಿದಿದೆ. ಪಿಒದಂತೆ ಮಾಲು ಸೇರಿದ 30 ದಿನಕ್ಕೆ ಪಾವತಿಯಾಗಬೇಕಿತ್ತು.

ಬಿಲ್ 118: ಮಾಲು ಸೇರಿದ್ದು ಜೂನ್ 4, ಗಡುವು ಜುಲೈ 4, ಮೀರಿದ್ದು 39 ದಿನ, ರೂ. 64,900
ಬಿಲ್ 127: ಮಾಲು ಸೇರಿದ್ದು ಜೂನ್ 18, ಗಡುವು ಜುಲೈ 18, ಮೀರಿದ್ದು 25 ದಿನ, ರೂ. 46,256 (ಬಿಲ್ 47,200, ಕ್ರೆಡಿಟ್ ನೋಟ್ 944 ಕಳೆದು)
ಬಿಲ್ 139: ಮಾಲು ಸೇರಿದ್ದು ಜುಲೈ 2, ಗಡುವು ಆಗಸ್ಟ್ 1, ಮೀರಿದ್ದು 11 ದಿನ, ರೂ. 88,500
ಒಟ್ಟು: ರೂ. 1,99,656

ಬಿಲ್ 118ರ ಜಿಆರ್‌ಎನ್ ಬಾಕಿ ಇದೆ ಎಂದು ನಿನ್ನೆ ಫೋನಿನಲ್ಲಿ ತಿಳಿಯಿತು. ನಿಮ್ಮ ಸ್ಟೋರ್ಸ್‌ನ ಸೀಲು ಇರುವ ಡಿಸಿಯನ್ನು ಲಗತ್ತಿಸಿದ್ದೇನೆ. ಬಿಲ್ 127ರಲ್ಲಿ ತಿರಸ್ಕೃತವಾದ 4 ಪೀಸಿಗೆ ಕ್ರೆಡಿಟ್ ನೋಟ್ ಲಗತ್ತಿಸಿದ್ದೇನೆ. ಬಿಲ್ 139ರಲ್ಲಿ ಯಾವ ತಕರಾರೂ ಇಲ್ಲವೆಂದು ತಿಳಿಸಿದ್ದೀರಿ.

ಈ ಮೂರನ್ನೂ ನಿಮ್ಮ ಮುಂದಿನ ಪೇಮೆಂಟ್‌ನಲ್ಲಿ ಸೇರಿಸಬೇಕೆಂದು ಕೋರುತ್ತೇನೆ. ಯಾವ ತಾರೀಖಿಗೆ ಪಾವತಿಯಾಗುತ್ತದೆ ಎಂದು ಆಗಸ್ಟ್ 19ರೊಳಗೆ ಇದೇ ಮೇಲ್‌ಗೆ ಉತ್ತರಿಸಿ. ಯಾವುದಾದರೂ ಬಿಲ್ಲಿನಲ್ಲಿ ಇನ್ನೂ ತೊಡಕಿದ್ದರೆ ಅದನ್ನೂ ತಿಳಿಸಿ, ಅದೇ ದಿನ ಸರಿಪಡಿಸುತ್ತೇವೆ. ಉಳಿದ ಬಿಲ್ಲುಗಳನ್ನು ಅದಕ್ಕಾಗಿ ತಡೆಯದಿರಿ.

ನಮ್ಮ ಬ್ಯಾಂಕ್ ವಿವರ ಬಿಲ್ಲಿನಲ್ಲಿರುವುದೇ, ಬದಲಾಗಿಲ್ಲ. ನಮ್ಮದು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಉದ್ಯಮ, ಪ್ರಮಾಣಪತ್ರ ಲಗತ್ತಿಸಿದೆ.

ವಂದನೆಗಳೊಂದಿಗೆ,

ಈ ಪತ್ರದಲ್ಲಿ ಕೆಲವು ಮಾತು ನೋಡಿ. "ದುಡ್ಡು ಕೊಡಿ" ಅಂತ ಎಲ್ಲೂ ಇಲ್ಲ, ತಾರೀಖು ಕೊಡಿ ಅಂತಿದೆ. ದುಡ್ಡು ಕೊಡುವುದು ಆ ಅಕೌಂಟ್ಸ್ ಹುಡುಗನ ಕೈಯಲ್ಲಿಲ್ಲ, ತಾರೀಖು ಹೇಳುವುದು ಇದೆ. ಒಂದು ತಾರೀಖು ಬರವಣಿಗೆಯಲ್ಲಿ ಬಂದರೆ ಮುಂದಿನ ಎಲ್ಲ ಮಾತಿಗೂ ಅದೇ ನೆಲೆ.

"ಆದಷ್ಟು ಬೇಗ" ಅನ್ನುವ ಮಾತೂ ಇಲ್ಲ. ಅದಕ್ಕೆ ಗಡುವಿಲ್ಲ. ಆಗಸ್ಟ್ 19 ಅಂದರೆ ಆಗಸ್ಟ್ 19. ಸಂಬಳದ ವಿಷಯ, ಕರೆಂಟ್ ಬಿಲ್ಲಿನ ವಿಷಯ, ಬ್ಯಾಂಕಿನ ಕಂತಿನ ವಿಷಯವೂ ಇಲ್ಲ. ಅವೆಲ್ಲ ನಿಜ, ನನಗೆ ರಾತ್ರಿ ನಿದ್ದೆ ಕೆಡಿಸುವ ವಿಷಯಗಳೇ. ಆದರೆ ಅವನ್ನು ಬರೆದ ಕೂಡಲೇ ನಾವು ಸಹಾಯ ಕೇಳಿದ ಹಾಗಾಗುತ್ತದೆ. ಇದು ಸಹಾಯವಲ್ಲ, ಕೊಟ್ಟ ಮಾಲಿನ ಬೆಲೆ.

ಬ್ಯಾಂಕ್ ವಿವರ ಬದಲಾಗಿಲ್ಲ ಅನ್ನುವ ಸಾಲು ಸುಮ್ನೆ ಹಾಕಿದ್ದಲ್ಲ. ಬಾಕಿ ಮೇಲ್ ಜೊತೆ ಬೇರೆ ಅಕೌಂಟ್ ನಂಬರ್ ಕಳಿಸಿ ಮೋಸ ಮಾಡುವವರು ಇದ್ದಾರೆ. ಹಾಗಾಗಿ ಇಂಥ ಮೇಲ್‌ನಲ್ಲಿ ಅಕೌಂಟ್ ನಂಬರ್ ಕಂಡರೆ ಅಕೌಂಟ್ಸ್‌ನವರು ಪರಿಶೀಲನೆಗೆ ಅಂತ ತಡೆಯಬಹುದು. ಬದಲಾಗಿಲ್ಲ ಅಂದರೆ ಆ ತಡೆ ಇರುವುದಿಲ್ಲ.

ಲಗತ್ತುಗಳಿಗೆ ಬಿಲ್ ನಂಬರನ್ನೇ ಹೆಸರಾಗಿ ಇಡಿ. ವಾಟ್ಸ್ಯಾಪ್‌ನಿಂದ ಬಂದ ಫೋಟೋವನ್ನು ಅದರ ಉದ್ದನೆಯ ಹೆಸರಿನಲ್ಲೇ ಕಳಿಸಿದರೆ ಅವರು ಒಂದೊಂದನ್ನೂ ತೆರೆದು ನೋಡಬೇಕು.

ಯಾರಿಗೆ, ಯಾವಾಗ

ಪತ್ರ ಅಕೌಂಟ್ಸ್‌ಗೆ, ಪ್ರತಿ ನಮಗೆ ಪಿಒ ಕೊಟ್ಟ ಪರ್ಚೇಸ್‌ನವರಿಗೆ. ಪರ್ಚೇಸ್‌ನವರಿಗೆ ಮುಂದಿನ ಮಾಲು ಬೇಕಿರುತ್ತದೆ, ಆದ್ದರಿಂದ ಒಳಗೆ ನಮ್ಮ ಪರವಾಗಿ ಮಾತಾಡಬಲ್ಲವರು ಅವರೇ. ಮೊದಲ ಪತ್ರದಲ್ಲೇ ಎಂಡಿ ಅವರನ್ನು ಸೇರಿಸಬೇಡಿ. ಅಕೌಂಟ್ಸ್‌ನವರಿಗೆ ತಮ್ಮ ಮೇಲೆ ದೂರು ಹೋಯಿತು ಅನ್ನಿಸುತ್ತದೆ, ಆಮೇಲೆ ಫೋನ್ ಎತ್ತುವುದಿಲ್ಲ.

ಎಷ್ಟೋ ಕಂಪನಿಗಳಲ್ಲಿ ಪೇಮೆಂಟ್ ದಿನಾ ಹೊರಡುವುದಿಲ್ಲ. ವಾರಕ್ಕೊಂದು ದಿನ, ಅಥವಾ ತಿಂಗಳಿಗೆ ಎರಡು ದಿನ ಪಟ್ಟಿ ಮಾಡಿ ಒಟ್ಟಿಗೆ ಕಳಿಸುತ್ತಾರೆ. ಅದಕ್ಕೇ ಫೋನಿನಲ್ಲಿ ಆ ದಿನ ಕೇಳಿಕೊಂಡಿರಬೇಕು. ಪಟ್ಟಿ ಮುಚ್ಚುವ ಮೂರು ನಾಲ್ಕು ದಿನ ಮೊದಲು ಪತ್ರ ಸೇರಬೇಕು. ಪೇಮೆಂಟ್ ಹೊರಟ ಮಾರನೇ ದಿನ ಸೇರಿದ ಪತ್ರ ಎಷ್ಟು ಚೆನ್ನಾಗಿದ್ದರೂ ಇನ್ನೊಂದು ಸುತ್ತು ಕಾಯಬೇಕು.

ಉತ್ತರ ಬರದಿದ್ದರೆ

ನಾನು ಹೇಳಿದ ತಾರೀಖಿನ ಮಾರನೇ ದಿನ, ಅದೇ ಮೇಲ್‌ಗೆ ಮುಂದುವರಿಸಿ ನಾಲ್ಕೇ ಸಾಲು ಬರೆಯುತ್ತೇನೆ. ಹೊಸ ಮೇಲ್ ಶುರುಮಾಡುವುದಿಲ್ಲ. ಹಳೆಯದು ಕೆಳಗೆ ಇದ್ದರೆ ಯಾರು ತೆರೆದರೂ ಇತಿಹಾಸ ಕಾಣುತ್ತದೆ. "ಆಗಸ್ಟ್ 12ರ ನಮ್ಮ ಪತ್ರಕ್ಕೆ ಉತ್ತರ ಬಂದಿಲ್ಲ. ಬಾಕಿ ರೂ. 1,99,656 ಹಾಗೇ ಇದೆ. ಪಾವತಿಯ ತಾರೀಖನ್ನು ಆಗಸ್ಟ್ 25ರೊಳಗೆ ತಿಳಿಸಿ. ಮುಂದಿನ ಲಾಟ್ ಯಾವಾಗ ಕಳಿಸಬೇಕೆಂದು ಅದನ್ನು ನೋಡಿಕೊಂಡು ನಿರ್ಧರಿಸುತ್ತೇವೆ."

ಕೊನೆಯ ಸಾಲನ್ನು ಬರೆಯುವ ಮೊದಲು ಯೋಚಿಸಿ. ನಿಜವಾಗಿ ಮಾಲು ನಿಲ್ಲಿಸಲು ನೀವು ತಯಾರಿದ್ದರೆ ಮಾತ್ರ ಬರೆಯಿರಿ. ಬರೆದು ಆಮೇಲೆ ಮಾಲು ಕಳಿಸಿಬಿಟ್ಟರೆ ಮುಂದೆ ನಿಮ್ಮ ಯಾವ ಗಡುವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಿಒದಲ್ಲಿ ಮಾಲು ತಡವಾದರೆ ದಂಡ ಅಂತ ಷರತ್ತು ಇದ್ದರೆ ಅದನ್ನೂ ಓದಿಕೊಳ್ಳಿ.

ಫೋನಿನಲ್ಲಿ "ಮುಂದಿನ ಶುಕ್ರವಾರ ಹಾಕ್ತೀವಿ" ಅಂದರೆ, ಹತ್ತು ನಿಮಿಷದಲ್ಲಿ ಅದನ್ನೇ ಮೇಲ್ ಮಾಡಿ: "ಈಗ ಮಾತಾಡಿದಂತೆ ಆಗಸ್ಟ್ 29ರಂದು ಪಾವತಿಯಾಗುತ್ತದೆ ಎಂದು ತಿಳಿದುಕೊಂಡಿದ್ದೇನೆ. ಧನ್ಯವಾದ."

ತಡವೋ, ತಪ್ಪಿಸಿಕೊಳ್ಳುವುದೋ ಅಂತ ಗೊತ್ತಾಗುವುದು ಈ ಹಂತದಲ್ಲಿ. ತಾರೀಖು ಕೊಟ್ಟು ಒಮ್ಮೆ ತಪ್ಪಿದರೆ ಅದು ತಡ. ಎರಡು ಸಲ ತಪ್ಪಿದರೆ, ಅಥವಾ ಮಾಲು ಬಳಸಿ ಮುಗಿಸಿ ಎರಡು ತಿಂಗಳಾದ ಮೇಲೆ ಇದ್ದಕ್ಕಿದ್ದಂತೆ ಕ್ವಾಲಿಟಿ ತಕರಾರು ಬಂದರೆ ಮೂರನೇ ಪತ್ರಕ್ಕೆ ಸಿದ್ಧರಾಗಿ.

ಕಾನೂನನ್ನು ಹೇಳುವ ಪತ್ರ

2006ರ ಎಂಎಸ್‌ಎಂಇಡಿ ಕಾಯ್ದೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ದೊಡ್ಡ ಬಲ. ಬರವಣಿಗೆಯ ಒಪ್ಪಂದ ಇದ್ದರೆ ಅದರಲ್ಲಿರುವ ಗಡುವಿಗೆ, ಆದರೆ ಎಷ್ಟೇ ಆದರೂ 45 ದಿನ ಮೀರದಂತೆ ಕೊಡಬೇಕು. ಪಿಒದಲ್ಲಿ 90 ದಿನ ಅಂತ ಇದ್ದರೂ ಕಾನೂನಿನ ಪ್ರಕಾರ ಮಿತಿ 45. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮಾಲು ಸೇರಿದ 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಎತ್ತದಿದ್ದರೆ ಮಾಲು ಒಪ್ಪಿದಂತೆಯೇ ಲೆಕ್ಕ. ಎರಡು ತಿಂಗಳ ನಂತರದ ಕ್ವಾಲಿಟಿ ತಕರಾರಿಗೆ ಉತ್ತರ ಇಲ್ಲಿದೆ.

ಗಡುವು ಮೀರಿದರೆ ಬಡ್ಡಿ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ. 5.5 ಇದೆ ಅಂದುಕೊಂಡರೆ ವರ್ಷಕ್ಕೆ ಶೇ. 16.5. ನಮ್ಮ ಬಿಲ್ 118ಕ್ಕೆ ಮೊದಲ ತಿಂಗಳಿಗೇ ಸುಮಾರು 892 ರೂಪಾಯಿ. ದರ ಬದಲಾಗುತ್ತಿರುತ್ತದೆ, ಪತ್ರ ಬರೆಯುವ ದಿನ ರಿಸರ್ವ್ ಬ್ಯಾಂಕ್ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಅಲ್ಲಿ ರೆಪೊ ದರವೂ ಇರುತ್ತದೆ, ಅದು ಬೇರೆ.

ಕಂಪನಿಗೆ ಇನ್ನೂ ಜಾಸ್ತಿ ನಾಟುವುದು ಆದಾಯ ತೆರಿಗೆಯ ನಿಯಮ. 2023ರ ಹಣಕಾಸು ಕಾಯ್ದೆ ತಂದ ಬದಲಾವಣೆ ಇದು, ಲೆಕ್ಕಪರಿಶೋಧಕರು 43ಬಿ(ಎಚ್) ಅಂತ ಕರೆಯುತ್ತಾರೆ. ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಈ ಗಡುವಿನೊಳಗೆ ಕೊಡದ ಮೊತ್ತವನ್ನು ಕಂಪನಿ ನಿಜವಾಗಿ ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಖರ್ಚಾಗಿ ತೋರಿಸಬಹುದು. ಆದರೆ ಇದರ ಮಿತಿ ಗೊತ್ತಿರಲಿ. ಗಡುವು ಮೀರಿದರೂ ಅದೇ ಹಣಕಾಸು ವರ್ಷದೊಳಗೆ ಕೊಟ್ಟರೆ ಅವರಿಗೆ ತೆರಿಗೆಯಲ್ಲಿ ನಷ್ಟವಿಲ್ಲ. ಹಾಗಾಗಿ ಆಗಸ್ಟಿನಲ್ಲಿ ಇದನ್ನು ಹೇಳಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೇಳಿದರೆ ಅವರ ಫೈನಾನ್ಸ್ ಮ್ಯಾನೇಜರ್ ತಾವೇ ಫೋನ್ ಮಾಡುತ್ತಾರೆ.

ಈ ಬಡ್ಡಿಯ ರಕ್ಷಣೆ ಎಲ್ಲರಿಗೂ ಇಲ್ಲ. ಮಧ್ಯಮ ಉದ್ಯಮಕ್ಕೆ ಇಲ್ಲ. ಮಾಲು ತಯಾರಿಸದೆ ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಸಿಗುತ್ತದೆ, ಆದರೆ ಅದು ಬ್ಯಾಂಕಿನ ಆದ್ಯತಾ ಸಾಲಕ್ಕಷ್ಟೇ. ನೋಂದಣಿಯೂ ಮಾಲು ಕೊಡುವ ಮೊದಲೇ ಆಗಿರಲಿ. ಬಾಕಿ ನಿಂತ ಮೇಲೆ ಓಡಿಹೋಗಿ ಮಾಡಿಸಿದರೆ ಹಳೇ ಬಿಲ್ಲಿನ ವಿಷಯ ವಾದಕ್ಕೆ ಬೀಳುತ್ತದೆ. ಅದಕ್ಕೇ ನಾನು ಪ್ರತಿ ಬಿಲ್ಲಿನ ಮೇಲೂ ಉದ್ಯಮ್ ನಂಬರ್ ಹಾಕುತ್ತೇನೆ.

ಪತ್ರದಲ್ಲಿ ಇದನ್ನೆಲ್ಲ ಪಾಠದಂತೆ ಬರೆಯಬೇಡಿ. ಎರಡು ಸಾಲು ಸಾಕು: "ಎಂಎಸ್‌ಎಂಇಡಿ ಕಾಯ್ದೆಯ ಸೆಕ್ಷನ್ 15ರ ಗಡುವು ಮುಗಿದಿದೆ, ಸೆಕ್ಷನ್ 16ರ ಪ್ರಕಾರ ಬಡ್ಡಿ ಕೇಳುವ ನಮ್ಮ ಹಕ್ಕನ್ನು ಉಳಿಸಿಕೊಂಡಿದ್ದೇವೆ. ಈ ತಿಂಗಳ 30ರೊಳಗೆ ಅಸಲು ಪೂರ್ತಿ ಬಂದರೆ ಬಡ್ಡಿ ಕೇಳುವುದಿಲ್ಲ." ಬಡ್ಡಿ ಬಿಡುತ್ತೇವೆ ಅನ್ನುವುದು ಅವರಿಗೆ ಒಂದು ದಾರಿ ಬಿಟ್ಟಂತೆ. ಈ ಸಲ ಫೈನಾನ್ಸ್ ಮುಖ್ಯಸ್ಥರಿಗೆ ಪ್ರತಿ ಹಾಕಿ, ಕಾಗದದಲ್ಲಿ ಮುದ್ರಿಸಿ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಇದಕ್ಕೂ ಜಗ್ಗದಿದ್ದರೆ ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. 2017ರಲ್ಲಿ ಸಮಾಧಾನ್ ಅನ್ನುವ ಹೆಸರಿನಲ್ಲಿ ಈ ವ್ಯವಸ್ಥೆ ಶುರುವಾಯಿತು. ಅರ್ಜಿ ನಮ್ಮ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ. ಕಂಪನಿ ಪುಣೆಯಲ್ಲಿದ್ದರೂ ನಾವು ಪುಣೆಗೆ ಅಲೆಯಬೇಕಿಲ್ಲ, ಮಾಲು ಕೊಟ್ಟವರು ಇರುವ ಜಾಗವೇ ಲೆಕ್ಕ. ಮೊದಲು ರಾಜಿ, ಆಗದಿದ್ದರೆ ಆರ್ಬಿಟ್ರೇಷನ್ ತೀರ್ಪು. ಕಾಯ್ದೆ 90 ದಿನ ಅನ್ನುತ್ತದೆ, ಅದಕ್ಕಿಂತ ಜಾಸ್ತಿ ಹಿಡಿಯಬಹುದು ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಅಲ್ಲಿ ಕೇಳುವುದು ಪಿಒ, ಡಿಸಿ, ಬಿಲ್ಲು, ಬರೆದ ಪತ್ರಗಳು. ಮೊದಲ ದಿನದಿಂದ ಜೋಡಿಸಿಕೊಂಡು ಬಂದಿದ್ದೇ ಇವು.

ನೀವು ಕಾಯುತ್ತಲೇ ಇರುವವರಾದರೆ ಒಂದು ಮಾತು. ಬಾಕಿಗೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಮೂರು ವರ್ಷದ ಮಿತಿ ಇದೆ. ಆ ಅವಧಿ ಮುಗಿಯುವ ಮೊದಲು ಕಂಪನಿ ಬಾಕಿಯನ್ನು ಬರವಣಿಗೆಯಲ್ಲಿ, ಸಹಿ ಹಾಕಿ ಒಪ್ಪಿದರೆ ಎಣಿಕೆ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ. ಆದ್ದರಿಂದ ಪ್ರತಿ ಮಾರ್ಚ್ 31ಕ್ಕೆ ಬ್ಯಾಲೆನ್ಸ್ ಕನ್ಫರ್ಮೇಷನ್ ಪತ್ರಕ್ಕೆ ಅವರ ಸಹಿ, ಸೀಲು ತೆಗೆದುಕೊಳ್ಳಿ.

ನಮ್ಮ ಮೂರು ಬಿಲ್ಲಿಗೆ ಇಷ್ಟು ದೂರ ಹೋಗಬೇಕಾಗಲಿಲ್ಲ. ಆಗಸ್ಟ್ 14ಕ್ಕೆ ಸ್ಟೋರ್ಸ್‌ನವರು 118ರ ಜಿಆರ್‌ಎನ್ ಹಾಕಿದರು. ಆಗಸ್ಟ್ 22ಕ್ಕೆ 127 ಮತ್ತು 139ರ ದುಡ್ಡು ಬಂತು, ಮುಂದಿನ ಶುಕ್ರವಾರ 118ರದ್ದು. ಬಂದ ದಿನವೇ ಬ್ಯಾಂಕ್ ವರ್ಗಾವಣೆಯ ಯುಟಿಆರ್ ನಂಬರ್ ಬರೆದು, ಯಾವ ಮೊತ್ತ ಯಾವ ಬಿಲ್ಲಿಗೆ ಹೊಂದಿಸಿದೆ ಅಂತ ತಿಳಿಸಿ, ಅದೇ ಮೇಲ್‌ಗೆ ಧನ್ಯವಾದ ಹೇಳಿದೆ. ಅವತ್ತು ಸ್ಕ್ರೀನ್ ತಿರುಗಿಸಿ ತೋರಿಸಿದ್ದ ಹುಡುಗನೇ ಉತ್ತರ ಬರೆದ: "ಮೇಡಂ, ಬಿಲ್ 146ಕ್ಕೂ ಸೀಲ್ ಇರೋ ಡಿಸಿ ಈಗಲೇ ಕಳ್ಸಿಬಿಡಿ."